ಪೈಲ್ಸ್ ಟ್ಯೂಬ್ ಬಿಟ್ಟ ಕೂಡಲೇ ತುರಿಕೆ ಯಾಕೆ ಜಾಸ್ತಿ ಆಗುತ್ತದೆ

ಬಳ್ಳಾರಿಯ ಒಂದು ಮೆಡಿಕಲ್ ಶಾಪ್‌ನಲ್ಲಿ ನಾನು ಫಾರ್ಮಾಸಿಸ್ಟ್. ಪೈಲ್ಸ್‌ಗೆ ಟ್ಯೂಬ್ ಕೇಳಲು ಬರುವವರು ಕೌಂಟರ್ ಮುಂದಿನ ಜನ ಕರಗುವ ತನಕ ಪಕ್ಕಕ್ಕೆ ನಿಂತಿರುತ್ತಾರೆ. ಆಮೇಲೆ ಜೇಬಿನಿಂದ ಹಿಂಡಿ ಚಪ್ಪಟೆ ಮಾಡಿದ ಹಳೇ ಟ್ಯೂಬ್ ತೆಗೆದು "ಇದೇ ಕೊಡ್ರಿ" ಎನ್ನುತ್ತಾರೆ. ನಾಚಿಕೆಯ ವಿಷಯ, ಹಾಗಾಗಿ ಯಾರೂ ಏನೂ ಹೇಳುವುದಿಲ್ಲ, ಅಂಗಡಿಯವರೂ ಕೇಳುವುದಿಲ್ಲ. ಒಬ್ಬರೇ ಮನುಷ್ಯ ತಿಂಗಳಾನುಗಟ್ಟಲೆ ಅದೇ ಟ್ಯೂಬ್ ಒಯ್ಯುತ್ತಿರುತ್ತಾರೆ. ಆ ಟ್ಯೂಬ್ ಒಳಗೆ ಏನಿದೆ, ಅದು ಏನು ಮಾಡುತ್ತದೆ, ಏನು ಮಾಡುವುದಿಲ್ಲ ಅನ್ನುವುದನ್ನು ಬಿಡಿಸಿ ಹೇಳಬೇಕು ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ನಮ್ಮಲ್ಲಿ ಸಿಗುವ ಬಹಳಷ್ಟು ಪೈಲ್ಸ್ ಕ್ರೀಮ್‌ಗಳಲ್ಲಿ ಮುಖ್ಯವಾಗಿ ಎರಡು ಔಷಧಿ ಇರುತ್ತವೆ. ಒಂದು ಮರಗಟ್ಟಿಸುವುದು, ಸಾಮಾನ್ಯವಾಗಿ ಲಿಗ್ನೋಕೇನ್. ಹಲ್ಲು ಕೀಳುವ ಮುಂಚೆ ಡಾಕ್ಟರ್ ಕೊಡುವ ಇಂಜೆಕ್ಷನ್‌ನಲ್ಲಿ ಇರುವುದೂ ಇದೇ. ನರದ ತುದಿಯಿಂದ ನೋವಿನ ಸುದ್ದಿ ಮೇಲೆ ಹೋಗದ ಹಾಗೆ ತಡೆಯುತ್ತದೆ, ಅಷ್ಟೇ. ಹಚ್ಚಿದ ಕೆಲವು ನಿಮಿಷಕ್ಕೆ ಉರಿ ತಗ್ಗುತ್ತದೆ, ಸ್ವಲ್ಪ ಹೊತ್ತಾದ ಮೇಲೆ ಹಾಗೇ ವಾಪಸ್ ಬರುತ್ತದೆ. ಇನ್ನೊಂದು ಸ್ಟೆರಾಯ್ಡ್. ಊತ, ಕೆಂಪು, ತುರಿಕೆ, ಈ ಮೂರನ್ನು ಅದು ಇಳಿಸುತ್ತದೆ. ಅಲ್ಲಿನ ಸಣ್ಣ ರಕ್ತನಾಳಗಳನ್ನು ಬಿಗಿಮಾಡಿ, ಉರಿಯೂತ ಎಬ್ಬಿಸುವ ಜೀವಕೋಶಗಳನ್ನು ಸುಮ್ಮನಾಗಿಸುತ್ತದೆ. ಇದರ ಜೊತೆ ಝಿಂಕ್ ಆಕ್ಸೈಡ್ ಇದ್ದರೆ ಅದು ಚರ್ಮದ ಮೇಲೆ ಪದರವಾಗಿ ಕೂತು ಒದ್ದೆಯಿಂದ ಕಾಪಾಡುತ್ತದೆ.

ಇವೆರಡೂ ಪೈಲ್ಸ್‌ನ ಗಂಟನ್ನು ಕರಗಿಸುವುದಿಲ್ಲ. ಇದನ್ನು ನಾನು ಕೌಂಟರ್‌ನಲ್ಲಿ ಎಷ್ಟು ಸಲ ಹೇಳಿದರೂ ಜನ ನಂಬುವುದು ಕಷ್ಟ. ಗುದದ ಒಳಗೆ ರಕ್ತನಾಳಗಳಿರುವ ಮೆತ್ತೆಗಳು ಎಲ್ಲರಿಗೂ ಇರುತ್ತವೆ. ಮಲಬದ್ಧತೆ ಇದ್ದು ವರ್ಷಗಟ್ಟಲೆ ತಿಣುಕಿದರೆ ಅವನ್ನು ಹಿಡಿದಿಟ್ಟ ಭಾಗ ಸಡಿಲವಾಗಿ ಅವು ಉಬ್ಬಿ ಕೆಳಗೆ ಜಾರುತ್ತವೆ. ಜಾರಿದ್ದನ್ನು ಮೇಲೆ ಎಳೆಯುವ ಶಕ್ತಿ ಯಾವ ಕ್ರೀಮ್‌ಗೂ ಇಲ್ಲ. ಇನ್ನೊಂದು ವಿಷಯ, ಒಳಗಿನ ಗಂಟುಗಳಿರುವ ಜಾಗದಲ್ಲಿ ಚರ್ಮದಲ್ಲಿರುವಂಥ ನೋವಿನ ನರಗಳು ಇಲ್ಲ. ಅದಕ್ಕೇ ಒಳ ಪೈಲ್ಸ್‌ನಲ್ಲಿ ಹೆಚ್ಚಾಗಿ ನೋವಿಲ್ಲದೆ ಕೆಂಪು ರಕ್ತ ಹೋಗುತ್ತದೆ. ಬರೀ ರಕ್ತ ಹೋಗುತ್ತಿದೆ, ನೋವಿಲ್ಲ ಅನ್ನುವವರಿಗೆ ಮರಗಟ್ಟಿಸುವ ಔಷಧಿಯಿಂದ ಏನು ಸಿಗುತ್ತದೆ ಹೇಳಿ?

ಈಗ ನಾನು ನೋಡಿದ ಒಬ್ಬರ ವಿಷಯ. ಜೀನ್ಸ್ ಹೊಲಿಯುವ ಯುನಿಟ್‌ನಲ್ಲಿ ಟೇಲರ್. ಪೀಸಿಗೆ ಇಷ್ಟು ಅಂತ ಕೂಲಿ, ಹಾಗಾಗಿ ಬೆಳಿಗ್ಗೆ ಮಷಿನ್ ಮುಂದೆ ಕೂತರೆ ಊಟಕ್ಕೇ ಏಳುವುದು. ನೀರು ಕುಡಿದರೆ ಏಳಬೇಕಾಗುತ್ತದೆ ಅಂತ ನೀರೂ ಕಮ್ಮಿ. ನಮ್ಮ ಬಿಸಿಲು ಗೊತ್ತಲ್ಲ, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಲ್ಲಿ ತಗಡಿನ ಶೆಡ್ ಕೆಳಗೆ ಬೆವರಿ ಬೆವರಿ ಕೂತಿರುವುದು. ಮಲ ಗಟ್ಟಿಯಾಗಿ ಪೈಲ್ಸ್ ಶುರುವಾಗಿತ್ತು. ಯಾರೋ ಜೊತೆಯವರು ಒಂದು ಟ್ಯೂಬ್ ಹೆಸರು ಹೇಳಿದ್ದರು. ಹಚ್ಚಿದ ಮೂರನೇ ದಿನಕ್ಕೆ ಆರಾಮ. ಬಿಟ್ಟರು, ಮತ್ತೆ ತುರಿಕೆ. ಮತ್ತೆ ಹಚ್ಚಿದರು. ನಮ್ಮ ಅಂಗಡಿಗೆ ಬರುವ ಹೊತ್ತಿಗೆ ಆರೇಳು ತಿಂಗಳಾಗಿತ್ತು, ಹದಿನೈದು ದಿನಕ್ಕೊಂದು ಟ್ಯೂಬ್ ಮುಗಿಯುತ್ತಿತ್ತು.

ಅವರು ತೋರಿಸಿದ ಖಾಲಿ ಟ್ಯೂಬ್ ಮೇಲೆ ಓದಿದೆ. ರಕ್ತನಾಳ ಬಿಗಿಮಾಡುವ ಫಿನೈಲೆಫ್ರಿನ್, ಲಿಗ್ನೋಕೇನ್, ಬೆಕ್ಲೋಮೆಥಾಸೋನ್ 0.025%. ಅಂದರೆ ಅದರಲ್ಲಿದ್ದ ಸ್ಟೆರಾಯ್ಡ್ ಹೈಡ್ರೋಕಾರ್ಟಿಸೋನ್ ಅಲ್ಲ. ಇಲ್ಲಿ ಬಹಳ ಜನ ಮೋಸ ಹೋಗುತ್ತಾರೆ. ಪಕ್ಕದ ಟ್ಯೂಬ್‌ನಲ್ಲಿ ಹೈಡ್ರೋಕಾರ್ಟಿಸೋನ್ 0.25% ಇದ್ದರೆ, 0.025 ಅನ್ನುವುದು ಅದರ ಹತ್ತನೇ ಒಂದು ಭಾಗ, ಇದೇ ಮೆತ್ತಗಿನದು ಅಂದುಕೊಳ್ಳುತ್ತಾರೆ. ಆದರೆ ಔಷಧಿಯೇ ಬೇರೆ ಆದಾಗ ಶೇಕಡಾ ಅಂಕಿ ಹೋಲಿಸಿ ಉಪಯೋಗವಿಲ್ಲ. ಸ್ಟೆರಾಯ್ಡ್‌ಗಳಲ್ಲಿ ಹೈಡ್ರೋಕಾರ್ಟಿಸೋನ್ ಸೌಮ್ಯ ಗುಂಪಿನದು. ಬೆಕ್ಲೋಮೆಥಾಸೋನ್ ಅಷ್ಟು ಕಮ್ಮಿ ಪ್ರಮಾಣದಲ್ಲೂ ಅದಕ್ಕಿಂತ ತುಂಬಾ ಜೋರು. ಎರಡಕ್ಕೂ ಜನ ಕರೆಯುವ ಹೆಸರು ಒಂದೇ, ಪೈಲ್ಸ್ ಟ್ಯೂಬ್.

"ಹಚ್ಚಿದ ದಿನ ಹೆಂಗಿರುತ್ತೆ, ಬಿಟ್ಟ ದಿನ ಹೆಂಗಿರುತ್ತೆ ಅಣ್ಣಾ?" ಅಂತ ಕೇಳಿದೆ.

"ಹಚ್ಚಿದ್ರೆ ತಣ್ಣಗಾಗ್ತದ್ರೀ. ಎರಡು ದಿನ ಬಿಟ್ರೆ ಮೊದಲಿಗಿಂತ ಜಾಸ್ತಿ ಕೆರೀತದ. ನೀರು ತಾಗಿದ್ರೂ ಉರೀತದ. ಒರೆಸಿದ್ರೆ ರಕ್ತ ಹತ್ತತದ."

ಮೊದಲಿಗಿಂತ ಜಾಸ್ತಿ ಅನ್ನುವ ಮಾತು ಕೇಳಿದ ಮೇಲೆ ಇನ್ನೊಂದು ಟ್ಯೂಬ್ ಕೊಡಲು ನನಗೆ ಮನಸ್ಸಾಗಲಿಲ್ಲ. ಸರ್ಜನ್ ಹತ್ತಿರ ಕಳಿಸಿದೆ. ಹೋಗಲು ಒಪ್ಪಿಸುವುದಕ್ಕೇ ಅರ್ಧ ಗಂಟೆ ಬೇಕಾಯಿತು ಅನ್ನಿ, ಒಂದು ದಿನ ರಜೆ ಅಂದರೆ ಅವರಿಗೆ ಒಂದು ದಿನದ ಕೂಲಿ ಹೋಗುತ್ತದೆ.

ಡಾಕ್ಟರ್ ನೋಡಿ ಹೇಳಿದ್ದನ್ನು ಅವರೇ ಬಂದು ಹೇಳಿದರು, ಚೀಟಿಯನ್ನೂ ತೋರಿಸಿದರು. ಒಳಗೆ ಪ್ರಾಕ್ಟೋಸ್ಕೋಪ್ ಹಾಕಿ ನೋಡಿದರೆ ಪೈಲ್ಸ್ ಮೊದಲ ಹಂತದ್ದು, ಸಣ್ಣದು. ರಕ್ತ ಬರುತ್ತಿದ್ದುದು ಅದರಿಂದ ಅಲ್ಲ. ಗುದದ ಸುತ್ತಲಿನ ಚರ್ಮ ಈರುಳ್ಳಿ ಸಿಪ್ಪೆಯ ಹಾಗೆ ತೆಳ್ಳಗಾಗಿ ಹೊಳೆಯುತ್ತಿತ್ತು, ಅಲ್ಲಲ್ಲಿ ಕೂದಲೆಳೆಯಂಥ ಬಿರುಕು, ರಕ್ತ ಬರುತ್ತಿದ್ದುದು ಆ ಬಿರುಕಿನಿಂದ. ಅಂಚಿನಲ್ಲಿ ತೊಡೆ ಸಂದಿಯ ಕಡೆಗೆ ಫಂಗಸ್ ಬೇರೆ ಹಬ್ಬಿತ್ತು.

ಯಾಕೆ ಹೀಗಾಯಿತು? ಚರ್ಮಕ್ಕೆ ಗಟ್ಟಿತನ ಕೊಡುವುದು ಕೊಲಾಜೆನ್ ಅನ್ನುವ ನಾರು. ಸ್ಟೆರಾಯ್ಡ್ ಬಹಳ ದಿನ ಬಿದ್ದರೆ ಹೊಸ ಕೊಲಾಜೆನ್ ತಯಾರಾಗುವುದು ಕುಗ್ಗುತ್ತದೆ. ಚರ್ಮ ತೆಳ್ಳಗಾಗುತ್ತದೆ, ಗಾಯ ಮಾಯುವುದು ತಡವಾಗುತ್ತದೆ. ಅಂಗೈಗೆ ಹಚ್ಚಿದರೆ ಇಷ್ಟು ಬೇಗ ಆಗುವುದಿಲ್ಲ, ಅಲ್ಲಿ ಚರ್ಮ ದಪ್ಪ. ಗುದದ ಸುತ್ತ ಚರ್ಮ ಮೊದಲೇ ತೆಳು, ಯಾವಾಗಲೂ ಒದ್ದೆ, ಎರಡು ಕಡೆಯಿಂದ ಒತ್ತಿಕೊಂಡು ಮುಚ್ಚಿರುವ ಜಾಗ. ದಿನವಿಡೀ ದಪ್ಪ ಪ್ಯಾಂಟ್ ಹಾಕಿ ಕೂತರಂತೂ ಔಷಧಿ ಇನ್ನೂ ಜಾಸ್ತಿ ಒಳಗೆ ಇಳಿಯುತ್ತದೆ. ಫಂಗಸ್ ವಿಷಯವೂ ಹಾಗೇ. ಅದನ್ನು ತಡೆಯುವ ಜೀವಕೋಶಗಳನ್ನೇ ಸ್ಟೆರಾಯ್ಡ್ ಸುಮ್ಮನಿರಿಸಿದೆ. ಆದ್ದರಿಂದ ತುರಿಕೆ ತಾತ್ಕಾಲಿಕವಾಗಿ ಕಮ್ಮಿ, ಆದರೆ ಒಳಗೊಳಗೆ ಅದು ಹಬ್ಬುತ್ತಾ ಹೋಗುತ್ತದೆ. ಟ್ಯೂಬ್ ಬಿಟ್ಟ ಕೂಡಲೇ ಅದುಮಿಟ್ಟ ಉರಿಯೂತವೆಲ್ಲ ಒಟ್ಟಿಗೆ ಎದ್ದು ಬರುತ್ತದೆ. ಇವರು ಅದನ್ನು ಪೈಲ್ಸ್ ವಾಪಸ್ ಬಂತು ಅಂದುಕೊಂಡು ಮತ್ತೆ ಹಚ್ಚುತ್ತಿದ್ದರು. ಟ್ಯೂಬ್ ತಂದ ತುರಿಕೆಗೇ ಟ್ಯೂಬ್ ಹಚ್ಚುವುದು ನಡೆದಿತ್ತು.

ಲಿಗ್ನೋಕೇನ್ ಕೂಡ ತಿಂಗಳುಗಟ್ಟಲೆ ಹಚ್ಚುವಂಥದ್ದಲ್ಲ. ಮರಗಟ್ಟಿಸುವ ಔಷಧಿಗಳು, ಅದರಲ್ಲೂ ಬೆಂಝೋಕೇನ್, ಸಿಂಕೋಕೇನ್ ಇರುವವು, ಕೆಲವರ ಚರ್ಮಕ್ಕೆ ಒಗ್ಗದೆ ಅಲರ್ಜಿ ಎಬ್ಬಿಸುತ್ತವೆ. ಗುರುತಿಸುವುದು ಹೇಗೆ ಅಂದರೆ, ಇಲ್ಲಿ ಹಚ್ಚಿದ ಮೇಲೇ ತುರಿಕೆ ಜಾಸ್ತಿಯಾಗುತ್ತಾ ಹೋಗುತ್ತದೆ, ಚರ್ಮ ಕೆಂಪಾಗಿ ನೀರು ಒಸರುತ್ತದೆ. ಜೊತೆಗೆ ಸ್ಟೆರಾಯ್ಡ್ ಇದ್ದರೆ ಈ ಅಲರ್ಜಿಯನ್ನೂ ಅದು ಸ್ವಲ್ಪ ಮುಚ್ಚಿಡುತ್ತದೆ, ಬೇಗ ಗೊತ್ತಾಗುವುದಿಲ್ಲ. ನೋವು ತಡೆಯಲಾರದೆ ದಿನಕ್ಕೆ ಹತ್ತು ಸಲ ಹಚ್ಚುವವರೂ ಇದ್ದಾರೆ, ಬಿರುಕು ಬಿಟ್ಟ ಜಾಗದಿಂದ ಲಿಗ್ನೋಕೇನ್ ರಕ್ತಕ್ಕೆ ಜಾಸ್ತಿ ಸೇರುತ್ತದೆ. ತಲೆ ಸುತ್ತು, ನಾಲಿಗೆ ಜೋಮು ಬಂದರೆ ತಕ್ಷಣ ನಿಲ್ಲಿಸಿ ಡಾಕ್ಟರ್ ಹತ್ತಿರ ಹೋಗಬೇಕು.

ಆ ಟೇಲರ್‌ಗೆ ಸರ್ಜನ್ ಬರೆದದ್ದು ಬಹಳ ಸರಳ. ಸ್ಟೆರಾಯ್ಡ್ ಟ್ಯೂಬ್ ಬಂದ್. ಫಂಗಸ್‌ಗೆ ಕ್ಲೋಟ್ರಿಮಝೋಲ್ ದಿನಕ್ಕೆ ಎರಡು ಸಲ, ಉಳಿದ ಹೊತ್ತಿನಲ್ಲಿ ಬರೀ ಝಿಂಕ್ ಆಕ್ಸೈಡ್. ಸೋಪು ಹಾಕಿ ಉಜ್ಜಬಾರದು, ಬರೀ ನೀರಲ್ಲಿ ತೊಳೆದು ಒತ್ತಿ ಒಣಗಿಸಬೇಕು. ಉಗುರುಬೆಚ್ಚಗಿನ ನೀರಿನ ಟಬ್‌ನಲ್ಲಿ ಹತ್ತು ಹದಿನೈದು ನಿಮಿಷ ಕೂರುವುದು. ರಾತ್ರಿ ಇಸಬಗೋಲು ಎರಡು ಚಮಚ ಒಂದು ದೊಡ್ಡ ಲೋಟ ನೀರಿಗೆ ಹಾಕಿ ತಕ್ಷಣ ಕುಡಿಯುವುದು. ಈ ಕೊನೆಯದನ್ನು ನಾನು ಎರಡೆರಡು ಸಲ ಹೇಳಿದೆ, ಯಾಕೆಂದರೆ ನೀರು ಕಮ್ಮಿ ಕುಡಿದು ಇಸಬಗೋಲು ತಿಂದರೆ ಮಲ ಇನ್ನೂ ಗಟ್ಟಿಯಾಗಿ ಸಿಕ್ಕಿಕೊಳ್ಳುತ್ತದೆ. ಮಷಿನ್ ಪಕ್ಕ ನೀರಿನ ಬಾಟಲಿ ಇಟ್ಟುಕೊಳ್ಳದೆ ಬೇರೆ ದಾರಿ ಇರಲಿಲ್ಲ.

ಮೊದಲ ವಾರ ಕಷ್ಟವಿತ್ತು. ಫೋನ್ ಮಾಡಿ "ರಾತ್ರಿ ನಿದ್ದಿ ಇಲ್ರೀ, ಒಂದೇ ಸಲ ಆ ಟ್ಯೂಬ್ ಹಚ್ಚಲೇನು" ಅಂದರು. ಬೇಡ, ತಣ್ಣೀರಿನ ಬಟ್ಟೆ ಒತ್ತಿಕೊಳ್ಳಿ, ಬಿಟ್ಟ ಮೇಲೆ ಬರುವ ತುರಿಕೆ ಇದು, ಇಳಿಯುತ್ತದೆ ಅಂದೆ. ರಾತ್ರಿ ತುರಿಕೆಗೆ ಡಾಕ್ಟರ್ ಒಂದು ಮಾತ್ರೆ ಸೇರಿಸಿದರು. ಮೂರನೇ ವಾರದ ಹೊತ್ತಿಗೆ ಒರೆಸಿದಾಗ ರಕ್ತ ನಿಂತಿತ್ತು. ಚರ್ಮ ಮತ್ತೆ ದಪ್ಪಗಾಗಲು ತಿಂಗಳುಗಳೇ ಬೇಕು ಅಂತ ಡಾಕ್ಟರ್ ಹೇಳಿದ್ದಾರೆ. ಎಲ್ಲರಿಗೂ ಹೀಗೆ ಒಮ್ಮೆಗೇ ನಿಲ್ಲಿಸಲು ಹೇಳುವುದಿಲ್ಲ. ಜೋರು ಸ್ಟೆರಾಯ್ಡ್ ಬಹಳ ಕಾಲ ಹಚ್ಚಿದವರಿಗೆ ಸೌಮ್ಯವಾದದ್ದಕ್ಕೆ ಬದಲಿಸಿ, ನಿಧಾನಕ್ಕೆ ಇಳಿಸುವುದೂ ಉಂಟು. ಅದಕ್ಕೇ ಬಹಳ ದಿನ ಹಚ್ಚಿದವರು ಡಾಕ್ಟರ್‌ಗೆ ತೋರಿಸಿ ನಿಲ್ಲಿಸುವುದು ಒಳ್ಳೆಯದು.

ಹಾಗಂತ ಈ ಟ್ಯೂಬ್ ವಿಷ ಅಲ್ಲ. ಗಂಟು ಊದಿ ಕೂರಲಾಗದಷ್ಟು ನೋವಿದ್ದಾಗ, ತುರಿಕೆ ವಿಪರೀತವಾದಾಗ ಹೈಡ್ರೋಕಾರ್ಟಿಸೋನ್ ಇರುವ ಕ್ರೀಮನ್ನು ತೆಳ್ಳಗೆ, ಬೆಳಿಗ್ಗೆ ಸಂಜೆ ಮತ್ತು ಸಂಡಾಸಿಗೆ ಹೋಗಿ ಬಂದ ಮೇಲೆ ಹಚ್ಚಿದರೆ ನಿಜಕ್ಕೂ ಸುಖ ಸಿಗುತ್ತದೆ. ಮಿತಿ ಒಂದು ವಾರ. ನಾನು ಈಗ ಡಬ್ಬದ ಮೇಲೆ ಪೆನ್ನಿನಲ್ಲಿ ಶುರುವಿನ ತಾರೀಕು, ಏಳು ದಿನದ ನಂತರದ ತಾರೀಕು ಎರಡೂ ಬರೆದು ಕೊಡುತ್ತೇನೆ. ಉಳಿದ ಟ್ಯೂಬ್ ಮನೆಯಲ್ಲಿ ಇನ್ನೊಬ್ಬರಿಗೆ ಕೊಡಬೇಡಿ ಅಂತಲೂ ಹೇಳುತ್ತೇನೆ.

ಕಳೆದ ತಿಂಗಳು ಅದೇ ಯುನಿಟ್‌ನಿಂದ ಒಬ್ಬ ಹುಡುಗ ಬಂದು ಆ ಅಣ್ಣ ಮೊದಲು ಹಚ್ಚುತ್ತಿದ್ದ ಟ್ಯೂಬೇ ಬೇಕು ಅಂದ. ಕೇಳಿದರೆ, ಸಂಡಾಸಿಗೆ ಕೂತಾಗ ಬ್ಲೇಡಿನಲ್ಲಿ ಕೊಯ್ದ ಹಾಗೆ ನೋವು, ಎದ್ದ ಮೇಲೂ ಒಂದೆರಡು ಗಂಟೆ ಉರಿ, ರಕ್ತ ಒಂದೆರಡು ಹನಿ. ಈ ಲಕ್ಷಣ ಪೈಲ್ಸ್‌ಗಿಂತ ಜಾಸ್ತಿ ಫಿಶರ್‌ಗೆ, ಅಂದರೆ ಗುದದ ಬಾಯಲ್ಲಿ ಸೀಳಿದ ಗಾಯಕ್ಕೆ, ಹೊಂದುತ್ತದೆ. ಸೀಳಿದ ಗಾಯ ಮಾಯಬೇಕಾದ ಜಾಗಕ್ಕೆ ಜೋರು ಸ್ಟೆರಾಯ್ಡ್ ಕೊಡಲು ನಾನು ಒಪ್ಪಲಿಲ್ಲ. ಬರೀ ಲಿಗ್ನೋಕೇನ್ ಜೆಲ್ ಕೊಟ್ಟು, ಸಂಡಾಸಿಗೆ ಹೋಗುವ ಹತ್ತು ನಿಮಿಷ ಮುಂಚೆ ಸ್ವಲ್ಪ ಹಚ್ಚಿಕೋ, ನಾಲ್ಕೈದು ದಿನ ಅಷ್ಟೇ, ಅಷ್ಟರಲ್ಲಿ ಡಾಕ್ಟರ್‌ಗೆ ತೋರಿಸು ಅಂದೆ. ಹೋಗಿ ಬಂದ. ಫಿಶರೇ. ಚೀಟಿಯಲ್ಲಿ ಡಿಲ್ಟಿಯಾಝೆಮ್ ಮುಲಾಮು 2%, ಆರು ವಾರ, ಬಿಗಿದ ಸ್ನಾಯುವನ್ನು ಸಡಿಲಿಸಿ ಗಾಯಕ್ಕೆ ರಕ್ತ ಹರಿಯುವಂತೆ ಮಾಡುವ ಔಷಧಿ ಅದು. ಜೊತೆಗೆ ಅದೇ ಇಸಬಗೋಲು, ಅದೇ ನೀರು.

ರಕ್ತ ಕಪ್ಪಾಗಿದ್ದರೆ, ತೂಕ ಇಳಿಯುತ್ತಿದ್ದರೆ, ಸಂಡಾಸಿಗೆ ಹೋಗುವ ರೀತಿ ವಾರಗಟ್ಟಲೆ ಬದಲಾಗಿದ್ದರೆ, ಅಥವಾ ನಲವತ್ತು ದಾಟಿದ ಮೇಲೆ ಮೊದಲ ಸಲ ರಕ್ತ ಕಂಡಿದ್ದರೆ ನಾನು ಟ್ಯೂಬ್ ಕೊಡುವುದಿಲ್ಲ, ಬೈದರೂ ಸರಿ. ದೊಡ್ಡ ಕರುಳಿನ ಕ್ಯಾನ್ಸರ್‌ನಲ್ಲೂ ಹೀಗೇ ರಕ್ತ ಹೋಗುತ್ತದೆ, ಅದನ್ನು ಹೊರಗಿನಿಂದ ನೋಡಿ ಹೇಳಲು ನನಗೂ ಆಗುವುದಿಲ್ಲ, ಹಚ್ಚುವವರಿಗೂ ಆಗುವುದಿಲ್ಲ.