ಫ್ಯಾನ್ ಆರಿಸಿ ಓದಿದ ಪುಸ್ತಕ

ರಾಯಚೂರಿನಲ್ಲಿ ಮದುವೆ ವಿಡಿಯೋ ಎಡಿಟಿಂಗ್ ನನ್ನ ಕೆಲಸ. ಕಳೆದ ಬೇಸಿಗೆಯಲ್ಲಿ ಪರಿಚಯದ ಲೇಖಕರೊಬ್ಬರು ತಮ್ಮ ಕಾದಂಬರಿಯನ್ನು ಆಡಿಯೋಬುಕ್ ಮಾಡಿಕೊಡು ಅಂದರು. ಮೈಕ್ ಇತ್ತು, ಎಡಿಟಿಂಗ್ ಗೊತ್ತಿತ್ತು. ಮನೆಯಲ್ಲೇ ಮಾಡೋಣ ಎಂದು ಒಪ್ಪಿಕೊಂಡೆ.

ಮೊದಲು ಓದುವವರನ್ನು ಹುಡುಕಬೇಕಿತ್ತು. ನಾಟಕದಲ್ಲಿ ಪಾರ್ಟು ಮಾಡುವ ಗೆಳೆಯನ ದನಿ ಬಹಳ ಚೆಂದ. ಆದರೆ ಸತತ 20 ನಿಮಿಷ ಓದಿಸಿ, ಮೊದಲ ನಿಮಿಷವನ್ನೂ ಕೊನೆಯ ನಿಮಿಷವನ್ನೂ ಒಂದರ ಹಿಂದೆ ಒಂದು ಹಾಕಿ ಕೇಳಿದರೆ ಇಬ್ಬರು ಓದಿದಂತೆ ಇತ್ತು. ದನಿ ಸೋತು ಕೆಳಗಿಳಿದಿತ್ತು. ಆಮೇಲೆ ಸಿಂಧನೂರು ಕಡೆಯ ನಿವೃತ್ತ ಟೀಚರ್ ಒಬ್ಬರು ಸಿಕ್ಕರು. ದನಿ ಸಾಧಾರಣ, ಆದರೆ ಕೊನೆಯವರೆಗೂ ಒಂದೇ ಸಮ. ಕಾದಂಬರಿಯಲ್ಲಿ ಜನ ಆಡುವುದು ನಮ್ಮ ಕಡೆಯ ಮಾತು. ‘ಎಲ್ಲಿಗಿ ಹೊಂಟೀಯವ್ವಾ’ ಅನ್ನುವುದನ್ನು ಅವರು ಓದಲಿಲ್ಲ, ಆಡಿದರು. ಅಲ್ಲಿಗೆ ನನ್ನ ಹುಡುಕಾಟ ಮುಗಿಯಿತು.

ಏಪ್ರಿಲ್ ತಿಂಗಳು. ರಾಯಚೂರಿನ ಬಿಸಿಲು ಗೊತ್ತಲ್ವಾ? ಫ್ಯಾನ್ ಕಡಿಮೆ ಮಾಡಿ, ಮೈಕನ್ನು ಎರಡು ಅಡಿ ದೂರ ಇಟ್ಟು ಮೊದಲ ಅಧ್ಯಾಯ ಮುಗಿಸಿದೆವು. ಹೆಡ್‌ಫೋನಿನಲ್ಲಿ ಚೆನ್ನಾಗೇ ಕೇಳಿತು. ವಿತರಕರಿಗೆ ಕಳಿಸಿದರೆ, ಹಿನ್ನೆಲೆ ಸದ್ದು ಜಾಸ್ತಿ ಎಂದು ವಾಪಸ್ ಬಂತು.

ಅವರು ಕೇಳಿದ್ದು ಎಸಿಎಕ್ಸ್‌ನ ಅಳತೆ. ಆಡಿಯೋಬುಕ್ ಮಾರುವ ಆಡಿಬಲ್‌ಗೆ ಪುಸ್ತಕ ಹೋಗುವ ತಾಣ ಅದು. ದನಿಯ ಸರಾಸರಿ ಮಟ್ಟ, ಅಂದರೆ ಆರ್‌ಎಂಎಸ್, -23 ಮತ್ತು -18 ಡೆಸಿಬಲ್ ನಡುವೆ ಇರಬೇಕು. ಇಲ್ಲಿ ಸೊನ್ನೆಯೇ ಗರಿಷ್ಠ, ಮೈನಸ್ ಅಂಕಿ ದೊಡ್ಡದಾದಷ್ಟೂ ಸದ್ದು ಸಣ್ಣದು. ಅತಿ ಎತ್ತರದ ಸದ್ದು -3 ದಾಟಬಾರದು. ಯಾರೂ ಮಾತಾಡದಿದ್ದಾಗ ಉಳಿಯುವ ಸದ್ದು -60 ಅಥವಾ ಅದಕ್ಕಿಂತ ಕೆಳಗಿರಬೇಕು.

ನಮ್ಮ ರೆಕಾರ್ಡಿಂಗಿನಲ್ಲಿ ದನಿ -32ರಲ್ಲಿತ್ತು, ಕೋಣೆಯ ಸದ್ದು -58ರಲ್ಲಿ. ಎರಡೇ ಡೆಸಿಬಲ್ ಕೊರತೆ ಅಂದುಕೊಂಡಿದ್ದೆ. ಆದರೆ ದನಿಯನ್ನು -20ಕ್ಕೆ ತರಲು 12 ಡೆಸಿಬಲ್ ಏರಿಸಿದರೆ ಫ್ಯಾನಿನ ಸದ್ದೂ ಅದರ ಜೊತೆ 12 ಏರಿ -46ಕ್ಕೆ ಬರುತ್ತದೆ. ನೋಡಬೇಕಾದದ್ದು ದನಿಗೂ ಸದ್ದಿಗೂ ನಡುವಿನ ಅಂತರ. ನಮಗೆ ಬೇಕಿದ್ದದ್ದು 40, ಇದ್ದದ್ದು 26.

ನಾನು ಮೊದಲು ಮಾಡಿದ ತಪ್ಪು, ಇದನ್ನು ಆಡಿಯೋ ಎಡಿಟಿಂಗ್ ಸಾಫ್ಟ್‌ವೇರ್ ಆಡಾಸಿಟಿಯಲ್ಲಿ ಹಿನ್ನೆಲೆ ಸದ್ದು ಅಳಿಸುವ Noise Reduction ಹಾಕಿ ಸರಿಮಾಡಲು ಹೋದದ್ದು. ಅಂಕಿ ಸರಿಯಾಯಿತು, ದನಿ ಕೆಟ್ಟಿತು. ಟೀಚರ್ ಕೇಳಿ, “ತಮ್ಮಾ, ನಾ ಕೊಪ್ಪರಿಗಿಯೊಳಗ ಕುಂತು ಓದಿದಂಗ ಕೇಳ್ತದಲ್ಲ” ಅಂದರು. ಅಧ್ಯಾಯ ಪೂರ್ತಿ ತೆಗೆದುಹಾಕಿದೆ.

ಎರಡನೇ ಸಲ ಮೈಕನ್ನು ಅರ್ಧ ಅಡಿಗೆ ತಂದೆ. ದೂರ ಅರ್ಧವಾದಾಗಲೆಲ್ಲ ದನಿ ಸುಮಾರು 6 ಡೆಸಿಬಲ್ ಹೆಚ್ಚುತ್ತದೆ. ಎರಡು ಅಡಿಯಿಂದ ಅರ್ಧ ಅಡಿಗೆ ಬಂದರೆ 12 ಹೆಚ್ಚು, ಕೋಣೆಯ ಸದ್ದು ಇದ್ದಷ್ಟೇ. ‘ಪ’, ‘ಫ’ ಅಂದಾಗ ಗಾಳಿ ಬಡಿಯದಂತೆ ಮೈಕನ್ನು ಬಾಯಿಯ ನೇರಕ್ಕಿಡದೆ ಸ್ವಲ್ಪ ಪಕ್ಕಕ್ಕಿಟ್ಟೆ. ಅಂತರ 38 ಆಯಿತು. ಇನ್ನುಳಿದದ್ದಕ್ಕೆ ಫ್ಯಾನ್ ಆರಿಸಲೇಬೇಕಾಯಿತು. ಫ್ರಿಜ್ಜನ್ನೂ ಆರಿಸಿ, ಮತ್ತೆ ಹಾಕುವುದು ಮರೆಯಬಾರದೆಂದು ಸ್ಕೂಟರ್ ಕೀಲಿ ಅದರೊಳಗೇ ಇಡುತ್ತಿದ್ದೆ. ಕೋಣೆಯ ಸದ್ದು -67ಕ್ಕೆ ಇಳಿಯಿತು.

ಗೋಡೆಯಿಂದ ದನಿ ಮರಳಿ ಬರುವುದು ಬೇರೆ ತೊಂದರೆ. ಅಂಗೈ ತಟ್ಟಿದರೆ ಟಣ್ ಅಂತಿತ್ತು. ಓದುವವರ ಬೆನ್ನ ಹಿಂದೆ ಹತ್ತಿಯ ಗಾದಿ ನಿಲ್ಲಿಸಿ, ಎರಡೂ ಪಕ್ಕ ಹಗ್ಗಕ್ಕೆ ಅವ್ವನ ಕೌದಿಗಳನ್ನು ಎರಡು ಪದರ ಇಳಿಬಿಟ್ಟೆ. ದನಿ ಹತ್ತಿರದಲ್ಲೇ ಕೂತು ಹೇಳಿದಂತಾಯಿತು. ಆದರೆ ಕೌದಿ ಹೊರಗಿನ ಸದ್ದನ್ನು ತಡೆಯುವುದಿಲ್ಲ. ಅದಕ್ಕೆ ಬೆಳಗಿನ ನಾಲ್ಕೂವರೆಯೇ ಗತಿ. ಆರು ಗಂಟೆಗೆ ಪಕ್ಕದ ಮನೆಯ ಮೋಟರ್ ಶುರುವಾಗುವವರೆಗೆ ನಮ್ಮ ಸಮಯ. 15 ನಿಮಿಷ ಓದು, ಐದು ನಿಮಿಷ ಫ್ಯಾನ್. ಟೀಚರ್ ಬಳೆ ತೆಗೆದಿಟ್ಟು ಕೂರುತ್ತಿದ್ದರು.

ಓದಿನ ವೇಗ ಸೆಕೆಗೆ ತಾನಾಗೇ ಏರುತ್ತಿತ್ತು. ಶುರುವಿನಲ್ಲಿ 10 ನಿಮಿಷಕ್ಕೆ ಸುಮಾರು 1000 ಪದ, ಕೊನೆಗೆ 1200. ಅದಕ್ಕೇ ಪ್ರತಿ ಬಿಡುವಿನ ನಂತರ ಹಿಂದಿನ ದಿನದ ಒಂದು ಪ್ಯಾರಾ ಕೇಳಿಸಿ ಮುಂದಕ್ಕೆ ಹೋಗುತ್ತಿದ್ದೆವು. ಯಾರಾದರೂ ಸತ್ತ ಸುದ್ದಿ ಬರುವ ಸಾಲಿನ ಮುಂದೆ ಎರಡು ಸೆಕೆಂಡ್ ಮೌನ ಬಿಡುವುದು ಅವರೇ ಮಾಡಿಕೊಂಡದ್ದು. ಆ ಮೌನವನ್ನು ನಾನು ಎಲ್ಲೂ ಕತ್ತರಿಸಲಿಲ್ಲ. ತಪ್ಪು ತೆಗೆದ ಜಾಗದಲ್ಲಿ ಮಾತ್ರ, ದಿನಾ ಒಂದು ನಿಮಿಷ ಸುಮ್ನೆ ಕೂತು ಹಿಡಿದಿಟ್ಟ ಕೋಣೆಯ ಮೌನವನ್ನು ತುಂಬಿದೆ. ಪೂರ್ತಿ ಖಾಲಿ ಬಿಟ್ಟರೆ ಕಿವಿಗೆ ಫೋನ್ ಕಟ್ಟಾದಂತೆ ಅನಿಸುತ್ತದೆ.

ಫೈಲಿನ ಕೆಲಸ ಹೆಚ್ಚೇನಿಲ್ಲ. ಎಡಿಟಿಂಗ್ ಎಲ್ಲ ವೇವ್ ಫೈಲಿನಲ್ಲೇ ಮುಗಿಸಿ, ಕೊನೆಗೆ ಒಂದೇ ಸಲ ಎಂಪಿ3 ಮಾಡಿ: 44.1 ಕಿಲೋಹರ್ಟ್ಸ್, ಸ್ಥಿರ 192 ಕೆಬಿಪಿಎಸ್. ಅಧ್ಯಾಯಕ್ಕೊಂದು ಫೈಲು, 120 ನಿಮಿಷದೊಳಗೆ. ಮೊದಲಲ್ಲಿ ಒಂದು ಸೆಕೆಂಡ್, ಕೊನೆಯಲ್ಲಿ ಒಂದರಿಂದ ಐದು ಸೆಕೆಂಡ್ ಮೌನ. ಪುಸ್ತಕದ ಹೆಸರು, ಬರೆದವರು, ಓದಿದವರು ಎಂದು ಹೇಳುವ ಆರಂಭದ ಮತ್ತು ಮುಕ್ತಾಯದ ಮಾತು ಬೇರೆ ಫೈಲಾಗಿ ಹೋಗಬೇಕು. ಕಳಿಸುವ ಮುಂಚೆ ಎಸಿಎಕ್ಸ್‌ನ ಅಳತೆ ನೋಡುವ ಆಡಾಸಿಟಿಯ ACX Check ಪ್ಲಗಿನ್‌ನಲ್ಲಿ ಒಂದೊಂದೇ ಫೈಲು ಹಾಕಿ ನೋಡಿದೆ.

ಈ ಸಲ ಒಂದೂ ವಾಪಸ್ ಬರಲಿಲ್ಲ. ಮುಂದಿನ ಪುಸ್ತಕವನ್ನು ಡಿಸೆಂಬರ್‌ನಲ್ಲೇ ಹಿಡಿಯೋಣ ಎಂದು ಟೀಚರ್ ಈಗಲೇ ಹೇಳಿಟ್ಟಿದ್ದಾರೆ.