ಯಾರು ‘ಹೂಂ’ ಎನ್ನಬಹುದು? ದಾಲ್ ಮಿಲ್ ಕಟ್ಟುವ ಮೊದಲು ಬರೆದ ಎರಡು ಪುಟ

ಕಲಬುರಗಿ ಜಿಲ್ಲೆಯ ಒಂದು ರೈತ ಉತ್ಪಾದಕ ಕಂಪನಿಯಲ್ಲಿ ನಾನು ಯೋಜನೆಗಳನ್ನು ನೋಡಿಕೊಳ್ಳುತ್ತೇನೆ. ಸದಸ್ಯರೆಲ್ಲ ತೊಗರಿ ಬೆಳೆಯುವವರು. ನಮ್ಮ ಮೊದಲ ಯೋಜನೆ ತೊಗರಿ ಸ್ವಚ್ಛಗೊಳಿಸಿ ಗಾತ್ರವಾರು ವಿಂಗಡಿಸುವ ಘಟಕ. ರಾಶಿ ಮುಗಿದು ತೊಗರಿ ಗಂಜ್ ಮಾರುಕಟ್ಟೆಗೆ ಹೋಗುವ ಮೊದಲೇ, ಅಂದರೆ ಡಿಸೆಂಬರ್ ಕೊನೆಯೊಳಗೆ, ಯಂತ್ರ ತಿರುಗಬೇಕಿತ್ತು. ತಿರುಗಿದ್ದು ಏಪ್ರಿಲ್‌ನಲ್ಲಿ. ಅಷ್ಟರಲ್ಲಿ ಬಹುತೇಕ ಸದಸ್ಯರು ಕಸಕಡ್ಡಿ ಸಮೇತ ಮಾಲು ಮಾರಿ ಮುಗಿಸಿದ್ದರು.

ತಡವಾದ ಕಾರಣ ಸಣ್ಣದಾಗಿ ಶುರುವಾಯಿತು. ಸೆಪ್ಟೆಂಬರ್‌ನಲ್ಲಿ ಒಬ್ಬ ನಿರ್ದೇಶಕರು ಬೇರೆ ಊರಿನ ಮಿಲ್ ನೋಡಿ ಬಂದು, “ಬಣ್ಣ ವಿಂಗಡಿಸುವ ಯಂತ್ರವನ್ನೂ ಹಾಕಿಸಿಬಿಡಿ, ಮತ್ತೆ ಮತ್ತೆ ಶೆಡ್ ಬಿಚ್ಚುವುದು ಬೇಡ” ಎಂದರು. ಮಾತು ಸರಿಯಾಗಿಯೇ ಇತ್ತು. ಅಧ್ಯಕ್ಷರು ಊರಲ್ಲಿರಲಿಲ್ಲ. ಇನ್ನಿಬ್ಬರು ನಿರ್ದೇಶಕರು ಫೋನಿನಲ್ಲಿ ಒಪ್ಪಿದರು. ನಾನು ಆರ್ಡರ್ ಬದಲಿಸಿದೆ.

ಆ ಯಂತ್ರಕ್ಕೆ ಗಾಳಿ ಒತ್ತುವ ಕಂಪ್ರೆಸರ್ ಬೇಕು. ಮೊದಲಿನ ಯಂತ್ರಗಳಿಗೆ ಒಟ್ಟು 12 ಎಚ್‌ಪಿ ಸಾಕಿತ್ತು, ಈಗ ಅದು 25ಕ್ಕೆ ಏರಿತು. 9 ಕಿಲೋವಾಟ್‌ಗೆ ಹಾಕಿದ್ದ ವಿದ್ಯುತ್ ಅರ್ಜಿ ನಿರುಪಯೋಗವಾಯಿತು. ಸುಮಾರು 19 ಕಿಲೋವಾಟ್‌ಗೆ ಹೊಸ ಅರ್ಜಿ, ಹೊಸ ಅಂದಾಜು, ದಪ್ಪ ಕೇಬಲ್. ಯಂತ್ರಕ್ಕೆ ಕಾಳು ಮೇಲಿನಿಂದ ಬೀಳಬೇಕಾದ್ದರಿಂದ ಎಲಿವೇಟರ್ ಎತ್ತರವಾಯಿತು, 14 ಅಡಿಗೆ ಹಾಕಿದ್ದ ತಗಡು ಬಿಚ್ಚಬೇಕಾಯಿತು. ಅಧ್ಯಕ್ಷರು ಬಂದು, “ಇದಕ್ಕೆ ಒಪ್ಪಿಗೆ ಕೊಟ್ಟವರು ಯಾರು?” ಎಂದು ಕೇಳಿದಾಗ ಸಭೆಯಲ್ಲಿ ಯಾರೂ ಬಾಯಿ ಬಿಡಲಿಲ್ಲ. ಯಾರೂ ಸುಳ್ಳು ಹೇಳಲಿಲ್ಲ. ಒಪ್ಪಿಗೆ ಕೊಡುವ ಅಧಿಕಾರ ಯಾರದೆಂದು ನಾವು ಎಲ್ಲಿಯೂ ಬರೆದಿಟ್ಟಿರಲಿಲ್ಲ, ಅಷ್ಟೇ.

ಮರುವರ್ಷ ಅದೇ ಜಾಗದ ಪಕ್ಕದಲ್ಲಿ ಸಣ್ಣ ದಾಲ್ ಮಿಲ್ ಹಾಕುವ ತೀರ್ಮಾನವಾದಾಗ, ಒಂದು ರೂಪಾಯಿ ಮುಂಗಡ ಕೊಡುವ ಮೊದಲು ಪ್ರಾಜೆಕ್ಟ್ ಚಾರ್ಟರ್ ಬೇಕೆಂದು ನಾನು ಹಟ ಹಿಡಿದೆ. ಇದು ಬ್ಯಾಂಕಿಗೆ ಕೊಡುವ ಯೋಜನಾ ವರದಿಯಲ್ಲ, ದಿನದಿನದ ಕೆಲಸದ ವೇಳಾಪಟ್ಟಿಯೂ ಅಲ್ಲ. ಹಣ ಹಾಕುವವರು ‘ಈ ಕೆಲಸ ಇದೆ, ಇಷ್ಟೇ ಇದೆ, ಇದನ್ನು ನಡೆಸುವ ಅಧಿಕಾರ ಇವರಿಗಿದೆ’ ಎಂದು ಸಹಿ ಮಾಡಿ ಕೊಡುವ ಪತ್ರ. ಕರಡು ನಾನೇ ಬರೆದೆ. ಆದರೆ ಹೊರಡಿಸಿದವರು ಅಧ್ಯಕ್ಷರು, ಮಂಡಳಿಯ ನಡಾವಳಿಯಲ್ಲಿ ಅದು ದಾಖಲಾಯಿತು. ನನಗೆ ನಾನೇ ಅಧಿಕಾರ ಬರೆದುಕೊಂಡರೆ ಆ ಕಾಗದಕ್ಕೆ ಬೆಲೆ ಇರುವುದಿಲ್ಲ.

ವ್ಯಾಪ್ತಿಯ ಭಾಗದಲ್ಲಿ ‘ಇದರಲ್ಲಿ ಇಲ್ಲ’ ಎಂಬ ಸಾಲುಗಳಿಗೇ ನಾನು ಹೆಚ್ಚು ಸಮಯ ಕೊಟ್ಟೆ. ಪ್ಯಾಕಿಂಗ್ ಯಂತ್ರ ಇಲ್ಲ, ಚಿಲ್ಲರೆ ಮಾರಾಟ ಇಲ್ಲ, ಕಡಲೆ ಮತ್ತು ಉದ್ದಿನ ಬೇಳೆ ಇಲ್ಲ. ಒಂದೊಂದು ‘ಇಲ್ಲ’ಕ್ಕೂ ಅರ್ಧ ಗಂಟೆ ವಾದ ನಡೆಯಿತು. ಆ ವಾದ ಮಾರ್ಚ್‌ನಲ್ಲಿ ನಡೆದರೆ ಖರ್ಚಾಗುವುದು ಒಂದು ಕೆಟಲ್ ಚಹಾ. ಸೆಪ್ಟೆಂಬರ್‌ನಲ್ಲಿ ನಡೆದರೆ ತಗಡು ಬಿಚ್ಚಬೇಕಾಗುತ್ತದೆ.

ಪಾಲುದಾರರ ಪಟ್ಟಿಯಲ್ಲಿ ಮೊದಲು ಮಂಡಳಿ, ಬ್ಯಾಂಕ್, ಯಂತ್ರ ಪೂರೈಸುವವರು, ವಿದ್ಯುತ್ ಕಂಪನಿ, ಸದಸ್ಯ ರೈತರು ಇದ್ದರು. ಮನೆಯಲ್ಲಿ ಬೇಳೆ ಒಡೆದು ಮಾರುತ್ತಿದ್ದ ಸ್ವಸಹಾಯ ಸಂಘದ ಹೆಣ್ಣುಮಕ್ಕಳನ್ನು ಆಮೇಲೆ ಸೇರಿಸಿ, ಕರಡನ್ನು ಅವರಿಗೆ ಓದಿ ಹೇಳಿದೆ. ಒಬ್ಬ ಹಿರಿಯಕ್ಕ ಸುಮ್ಮನೆ ಕೇಳಿಸಿಕೊಂಡು, “ತಮ್ಮಾ, ಎಣ್ಣೆ ಹಚ್ಚಿದ ತೊಗರಿಯನ್ನು ಎಲ್ಲಿ ಒಣಗಿಸುತ್ತೀರಿ?” ಎಂದು ಕೇಳಿದರು.

ನನ್ನ ಎರಡು ಪುಟದಲ್ಲಿ ಒಣಗಿಸುವ ಅಂಗಳವೇ ಇರಲಿಲ್ಲ. ತೊಗರಿಯ ಸಿಪ್ಪೆ ಕಾಳಿಗೆ ಅಂಟಿನಿಂದ ಗಟ್ಟಿಯಾಗಿ ಹಿಡಿದಿರುತ್ತದೆ. ಎಮರಿ ರೋಲರ್‌ನಲ್ಲಿ ಸಿಪ್ಪೆಯನ್ನು ಗೀರಿ, ಸ್ವಲ್ಪ ಎಣ್ಣೆ ಹಚ್ಚಿ, ಬಿಸಿಲಿಗೆ ಹರವಿ, ನೀರು ಚಿಮುಕಿಸಿ ಮತ್ತೆ ಒಣಗಿಸಿದ ಮೇಲೆಯೇ ಅದು ಸಡಿಲವಾಗುವುದು. ದಿನಕ್ಕೆ 10 ಕ್ವಿಂಟಲ್ ಎಂದರೂ, ಮೂರು ದಿನದ ಬಿಸಿಲು ಬೇಕಾದ್ದರಿಂದ 30 ಕ್ವಿಂಟಲ್ ಸದಾ ಅಂಗಳದಲ್ಲಿರುತ್ತದೆ. ನಾಲ್ಕು ಸೆಂಟಿಮೀಟರ್ ದಪ್ಪಕ್ಕೆ ಹರವಿ, ನಡುವೆ ಓಡಾಡಲು ದಾರಿ ಬಿಟ್ಟರೆ ಸುಮಾರು 1,500 ಚದರ ಅಡಿ ಸಿಮೆಂಟ್ ನೆಲ ಬೇಕು. ಅದು ವ್ಯಾಪ್ತಿಗೂ ಬಜೆಟ್‌ಗೂ ಸೇರಿತು. ಆ ಪ್ರಶ್ನೆ ಬಾರದಿದ್ದರೆ ಯಂತ್ರ ಕೂರಿಸಿ ರಸ್ತೆಯ ಮೇಲೆ ತೊಗರಿ ಒಣಗಿಸಬೇಕಾಗುತ್ತಿತ್ತು.

ಮೈಲಿಗಲ್ಲುಗಳನ್ನು ರಾಶಿಯಿಂದ ಹಿಂದಕ್ಕೆ ಎಣಿಸಿದೆವು. ಡಿಸೆಂಬರ್ 15ಕ್ಕೆ ಪ್ರಾಯೋಗಿಕ ಓಟ, ಅದಕ್ಕೆ ನವೆಂಬರ್ ಮೊದಲ ವಾರ ಯಂತ್ರ ಬಂದಿರಬೇಕು, ಅದಕ್ಕೆ ಆಗಸ್ಟ್‌ನಲ್ಲಿ ಮುಂಗಡ. ಎಲ್ಲಕ್ಕಿಂತ ಬಿಗಿಯಾದದ್ದು ಅಡಿಪಾಯ. ನಮ್ಮದು ಎರೆ ಭೂಮಿ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಮಳೆ ಹಿಡಿದ ಮೇಲೆ ಅಗೆದರೆ ಗುಂಡಿಯ ಗೋಡೆ ಕುಸಿಯುತ್ತದೆ. ಹಾಗಾಗಿ ‘ಮೇ 31: ಅಡಿಪಾಯ ಮುಗಿದು ಬೋಲ್ಟ್ ಕೂರಿಸಿರಬೇಕು’ ಎಂದು ಬರೆದೆವು. ‘ಸಿವಿಲ್ ಕೆಲಸ ಪ್ರಗತಿಯಲ್ಲಿ’ ಎಂದು ಬರೆದಿದ್ದರೆ ಯಾವ ದಿನ ಕೇಳಿದರೂ ಉತ್ತರ ಹೌದು ಎಂದೇ ಇರುತ್ತಿತ್ತು.

ಅಧಿಕಾರದ ಭಾಗ ಐದೇ ಸಾಲು. ವ್ಯಾಪ್ತಿಯೊಳಗಿನ ಬಾಬ್ತಿಗೆ ಒಂದು ಸಲಕ್ಕೆ 40,000 ರೂಪಾಯಿವರೆಗೆ ನಾನು ಯಾರನ್ನೂ ಕೇಳದೆ ಖರ್ಚು ಮಾಡಬಹುದು. ಯಾವ ಮೈಲಿಗಲ್ಲನ್ನಾದರೂ ಏಳು ದಿನದವರೆಗೆ ಸರಿಸಬಹುದು. ಅದಕ್ಕೆ ಮೇಲ್ಪಟ್ಟದ್ದು ಅಧ್ಯಕ್ಷರ ಲಿಖಿತ ಒಪ್ಪಿಗೆಗೆ. ವ್ಯಾಪ್ತಿ ಬದಲಾದರೆ ಮಂಡಳಿ ಸಭೆ, ಫೋನ್ ಒಪ್ಪಿಗೆ ನಡೆಯದು. ಬದಲಾವಣೆ ಕೇಳಿದವರು ಹಣ, ದಿನ, ವಿದ್ಯುತ್ ಹೊರೆ ಮೂರರಲ್ಲೂ ಆಗುವ ವ್ಯತ್ಯಾಸವನ್ನು ನನ್ನೊಂದಿಗೆ ಕೂತು ಬರೆದು ತರಬೇಕು.

ಪರೀಕ್ಷೆ ಅಕ್ಟೋಬರ್‌ನಲ್ಲಿ ಬಂತು. ಅದೇ ನಿರ್ದೇಶಕರು ಪ್ಯಾಕಿಂಗ್ ಯಂತ್ರದ ಮಾತೆತ್ತಿದರು. ನಾನು ಇಲ್ಲ ಎನ್ನಲಿಲ್ಲ. ಇಲ್ಲ ಎನ್ನುವ ಅಧಿಕಾರವೂ ನನ್ನದಾಗಿರಲಿಲ್ಲ. ಇಬ್ಬರೂ ಕೂತು ಬರೆದೆವು: ಧೂಳು ಬಾರದ ಪ್ರತ್ಯೇಕ ಕೋಣೆ, ಐದು ವಾರ. ಅವರೇ ಕಾಗದ ಮಡಚಿ, “ಇದು ಮುಂದಿನ ವರ್ಷಕ್ಕಿರಲಿ” ಎಂದರು. ನನಗೂ ಅವರಿಗೂ ನಡುವೆ ಒಂದು ವರ್ಷದಿಂದ ಇದ್ದ ಬಿಗುವು ಅಂದು ಹೋಯಿತು.

ಯಶಸ್ಸಿನ ಅಳತೆಯಲ್ಲಿ ಮೊದಲು ‘ಉತ್ತಮ ಗುಣಮಟ್ಟದ ಬೇಳೆ’ ಎಂದಿತ್ತು. ಅದನ್ನು ಹೊಡೆದು ಹಾಕಿ, ಸ್ವಚ್ಛಗೊಳಿಸಿದ 100 ಕಿಲೋ ತೊಗರಿಗೆ ಕನಿಷ್ಠ 72 ಕಿಲೋ ಬೇಳೆ, ನುಚ್ಚು ಲೆಕ್ಕಕ್ಕಿಲ್ಲ, ತಲಾ ಐದು ಕ್ವಿಂಟಲಿನ ಮೂರು ಓಟದಲ್ಲಿ ತೂಗಿ ನೋಡುವುದು ಎಂದು ಬರೆದೆವು. ನುಚ್ಚನ್ನು ಸೇರಿಸಿ ತೂಗಿದರೆ ಯಾವ ಮಿಲ್ ಬೇಕಾದರೂ ಗೆದ್ದಂತೆ ಕಾಣುತ್ತದೆ, ಅದಕ್ಕೆ ಆ ಮಾತು.

ಡಿಸೆಂಬರ್ 17ರ ಮೊದಲ ಓಟದಲ್ಲಿ ಬಂದದ್ದು 68, ನುಚ್ಚು ಏಳು ಕಿಲೋ. ಪೂರೈಕೆದಾರರ ಮೆಕ್ಯಾನಿಕ್ ಅಂತಿಮ ಬಿಲ್ಲಿಗೆ ಸಹಿ ಕೇಳಿದ. ನಾನು ಚಾರ್ಟರಿನ ಆ ಸಾಲು ತೋರಿಸಿದೆ. ಅದೇ ಸಾಲು ಅವರ ಖರೀದಿ ಆದೇಶದಲ್ಲೂ ಇತ್ತು. ಮತ್ತೆ ನೋಡಿದಾಗ ಗೊತ್ತಾದದ್ದು, ದಪ್ಪ ಕಾಳು, ಸಣ್ಣ ಕಾಳು ಬೆರೆತೇ ರೋಲರ್‌ಗೆ ಹೋಗಿದ್ದವು. ದಪ್ಪ ಕಾಳಿಗೆ ಅಂತರ ಇಟ್ಟರೆ ಸಣ್ಣವು ಸಿಪ್ಪೆ ಸಮೇತ ಜಾರಿ ಬರುತ್ತವೆ, ಸಣ್ಣದಕ್ಕೆ ಬಿಗಿ ಮಾಡಿದರೆ ದಪ್ಪವು ನುಚ್ಚಾಗುತ್ತವೆ. ಹಳೆಯ ಘಟಕದಲ್ಲಿ ಎರಡು ಗಾತ್ರ ಬೇರೆ ಮಾಡಿ, ಒಂದೊಂದಕ್ಕೂ ರೋಲರ್ ಅಂತರ ಹೊಂದಿಸಿ ಓಡಿಸಿದೆವು. ಮುಂದಿನ ಮೂರು ಓಟಗಳು 72, 73, 73. ತೂಕದ ಚೀಟಿಗಳನ್ನು ಚಾರ್ಟರಿನ ಹಿಂದೆ ಪಿನ್ ಮಾಡಿ ಅಧ್ಯಕ್ಷರ ಮುಂದಿಟ್ಟೆ. ಅವರು ಒಂದೊಂದನ್ನೂ ಓದಿ ಸಹಿ ಮಾಡಿದರು. ಎಳ್ಳಮಾವಾಸ್ಯೆಯ ಮರುದಿನ ಮೊದಲ ಸದಸ್ಯರ ಟ್ರ್ಯಾಕ್ಟರ್ ಗೇಟಿನ ಮುಂದೆ ನಿಂತಿತ್ತು.