ನೋವು ಹೋಯಿತು, ಆಟ ಯಾವಾಗ? ಎಸಿಎಲ್ ಆಪರೇಷನ್ ಆದವರಿಗೆ ನನ್ನ ಉತ್ತರ

"ಮೇಡಂ, ಲಿಗಮೆಂಟ್ ಆಪರೇಷನ್ ಆಗಿ ಮೂರು ತಿಂಗಳಾಯ್ತು. ನೋವಿಲ್ಲ, ನಡಿಗೆ ಸರಿಯಾಗಿದೆ, ಮೆಟ್ಟಿಲೂ ಹತ್ತುತೀನಿ. ಮತ್ಯಾಕೆ ಇನ್ನೂ ಆಡಬೇಡ ಅಂತೀರ?"

ಯಾಕೆಂದರೆ ನಿಮ್ಮ ಮಂಡಿಯೊಳಗಿರುವ ಹೊಸ ಲಿಗಮೆಂಟಿಗೆ ನೋವು ಹೇಳಿಕೊಳ್ಳಲು ಬರುವುದಿಲ್ಲ. ಹರಿದುಹೋದ ಎಸಿಎಲ್, ಅಂದರೆ ಮಂಡಿಯೊಳಗೆ ತೊಡೆಮೂಳೆಯನ್ನು ಕೆಳಗಿನ ಮೂಳೆಗೆ ಕಟ್ಟಿ ಹಿಡಿಯುವ ಲಿಗಮೆಂಟಿನ ಜಾಗದಲ್ಲಿ ಡಾಕ್ಟರು ಕೂರಿಸಿದ್ದು ನಿಮ್ಮದೇ ದೇಹದ ಟೆಂಡನ್, ಅಂದರೆ ಮಾಂಸಖಂಡವನ್ನು ಮೂಳೆಗೆ ಕಟ್ಟಿ ಹಿಡಿಯುವ ಹುರಿ. ನಮ್ಮಲ್ಲಿ ಹೆಚ್ಚಾಗಿ ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗಿನಿಂದ ತೆಗೆಯುತ್ತಾರೆ. ತೊಡೆಮೂಳೆಗೂ ಮೊಣಕಾಲ ಕೆಳಗಿನ ಮೂಳೆಗೂ ರಂಧ್ರ ಕೊರೆದು ಆ ಹುರಿಯನ್ನು ದಾಟಿಸಿ ಬಿಗಿಯುತ್ತಾರೆ. ಇದಕ್ಕೆ ಗ್ರಾಫ್ಟ್ ಅನ್ನುತ್ತೇವೆ.

ಜಾಗ ಬದಲಾಯಿಸಿದ ಹುರಿಗೆ ಮೊದಲಿದ್ದ ರಕ್ತದ ಪೂರೈಕೆ ತಪ್ಪಿರುತ್ತದೆ. ಒಳಗಿನ ಜೀವಕೋಶಗಳು ಬಹುಪಾಲು ಸಾಯುತ್ತವೆ. ಆಮೇಲೆ ಸುತ್ತಲಿಂದ ಹೊಸ ರಕ್ತನಾಳಗಳು ನುಗ್ಗಿ ಬಂದು, ಹೊಸ ಕೋಶಗಳು ಸೇರಿ, ಹಳೆಯ ಎಳೆಗಳನ್ನು ಕಿತ್ತು ಹೊಸದಾಗಿ ಹೆಣೆಯುತ್ತವೆ. ಈ ಕಿತ್ತು ಕಟ್ಟುವ ಕೆಲಸ ನಡೆಯುವಾಗ ಗ್ರಾಫ್ಟ್, ಆಪರೇಷನ್ ದಿನ ಇದ್ದದ್ದಕ್ಕಿಂತಲೂ ದುರ್ಬಲವಾಗಿರುತ್ತದೆ. ಸುಮಾರು ಆರರಿಂದ ಹನ್ನೆರಡು ವಾರದ ನಡುವೆ ಅದು ತೀರಾ ಸೊರಗಿರುವ ಕಾಲ. ಹೊಲಿಗೆ ಒಣಗಿ, ಊತ ಇಳಿದು, ನೀವು "ಆರಾಮಾಗಿದೀನಿ" ಅನ್ನುವುದೂ ಸರಿಯಾಗಿ ಅದೇ ವಾರಗಳಲ್ಲಿ. ನನಗೆ ಭಯ ಆಗುವುದು ನೋವು ಅಂತ ಅಳುವವರ ಬಗ್ಗೆ ಅಲ್ಲ, ಹತ್ತನೇ ವಾರದಲ್ಲಿ ನಗುತ್ತಾ ಬಂದು ನಿಲ್ಲುವವರ ಬಗ್ಗೆ.

ಹೆಸರು ಬೇಡ, ಮಂಡ್ಯದ ಕಡೆಯ ಒಬ್ಬ ಹುಡುಗನ ಕತೆ ಹೇಳುತ್ತೇನೆ. ವಯಸ್ಸು 21, ಕಬಡ್ಡಿಯಲ್ಲಿ ರೈಡರ್. ಬೋನಸ್ ಗೆರೆ ಮುಟ್ಟಿ ವಾಪಸ್ ತಿರುಗುವಾಗ ಪಾದ ಮ್ಯಾಟಿಗೆ ಕಚ್ಚಿಕೊಂಡಿತು, ದೇಹ ತಿರುಗಿತು. ಒಳಗೆ 'ಟಕ್' ಅಂದದ್ದು ಅವನಿಗೇ ಕೇಳಿಸಿತಂತೆ. ಸಂಜೆಯೊಳಗೆ ಮಂಡಿ ಊದಿಕೊಂಡಿತ್ತು. ಹ್ಯಾಮ್‌ಸ್ಟ್ರಿಂಗ್ ಗ್ರಾಫ್ಟ್ ಹಾಕಿದರು. ಪುಣ್ಯಕ್ಕೆ ಮಂಡಿಯ ಗಾದಿ, ಅಂದರೆ ಮೆನಿಸ್ಕಸ್, ಹರಿದಿರಲಿಲ್ಲ. ಅದನ್ನೂ ಹೊಲಿದಿದ್ದರೆ ಮುಂದೆ ನಾನು ಹೇಳುವ ಲೆಕ್ಕಗಳೆಲ್ಲ ಇನ್ನೂ ನಿಧಾನವಾಗುತ್ತಿದ್ದವು. ಚಕ್ಕಳಮಕ್ಕಳ ಹಾಕುವುದು, ಕುಕ್ಕರಗಾಲಲ್ಲಿ ಕೂರುವುದು ಯಾವಾಗ ಅನ್ನುವುದನ್ನು ಆಪರೇಷನ್ ಮಾಡಿದವರೇ ಹೇಳಬೇಕಾಗುತ್ತಿತ್ತು.

ಎರಡನೇ ವಾರ ಅವನು ಬಂದಾಗ ಮಂಡಿ 90 ಡಿಗ್ರಿ ಮಡಚುತ್ತಿತ್ತು. ಆ ಹೊತ್ತಿಗೆ ಅಷ್ಟು ಸಾಕು. ಮನೆಯವರಿಗೆಲ್ಲ ಸಂತೋಷ. ನಾನು ಅವನನ್ನು ಬೋರಲು ಮಲಗಿಸಿ, ಎರಡೂ ಕಾಲಿನ ಮಂಡಿಯಿಂದ ಕೆಳಗಿನ ಭಾಗ ಮಂಚದಾಚೆ ಇಳಿಬೀಳುವಂತೆ ಮಾಡಿದೆ. ಆಪರೇಷನ್ ಆದ ಕಾಲಿನ ಹಿಮ್ಮಡಿ ಇನ್ನೊಂದಕ್ಕಿಂತ ಮೇಲೆ ನಿಂತಿತ್ತು. ಅಳತೆಪಟ್ಟಿ ಹಿಡಿದರೆ ಸುಮಾರು 6 ಸೆಂಟಿಮೀಟರ್. ಒಂದು ಸೆಂಟಿಮೀಟರ್ ವ್ಯತ್ಯಾಸ ಎಂದರೆ ಹೆಚ್ಚುಕಡಿಮೆ ಒಂದು ಡಿಗ್ರಿ. ಅಂದರೆ ಮಂಡಿ ಪೂರ್ತಿ ನೇರವಾಗಲು ಇನ್ನೂ ಆರು ಡಿಗ್ರಿ ಬಾಕಿ.

"ರಾತ್ರಿ ಹೇಗೆ ಮಲಗ್ತೀಯಪ್ಪ?" ಅಂತ ಕೇಳಿದೆ. ಅವನ ತಾಯಿಯೇ ಉತ್ತರ ಕೊಟ್ಟರು: "ನಾನೇ ಮಂಡಿ ಕೆಳಗೆ ದಿಂಬು ಇಡ್ತೀನಿ ಕಣವ್ವ, ಪಾಪ ಮಗಂಗೆ ಹಾಯನ್ನಿಸತ್ತೆ." ಹಾಯನ್ನಿಸುವುದು ನಿಜ. ಊದಿದ ಮಂಡಿಗೆ ಸ್ವಲ್ಪ ಮಡಚಿಕೊಂಡಿದ್ದರೇ ಸುಖ. ಆದರೆ ಅದೇ ಭಂಗಿಯಲ್ಲಿ ವಾರಗಟ್ಟಲೆ ಇದ್ದರೆ ಮಂಡಿ ಹಾಗೆಯೇ ಗಟ್ಟಿಯಾಗುತ್ತದೆ. ಪೂರ್ತಿ ನೇರವಾಗದ ಕಾಲಿನಲ್ಲಿ ತೊಡೆಯ ಮುಂಭಾಗದ ಮಾಂಸಖಂಡ ಬಿಗಿಯಲಾರದು, ನಡಿಗೆಯಲ್ಲಿ ಕುಂಟು ಉಳಿಯುತ್ತದೆ, ಮಂಡಿಚಿಪ್ಪಿನ ಸುತ್ತ ನೋವು ಶುರುವಾಗುತ್ತದೆ. ಮಡಚುವುದು ತಡವಾದರೆ ನನಗೆ ಅಷ್ಟು ಚಿಂತೆಯಿಲ್ಲ, ಬರುತ್ತದೆ. ನೇರವಾಗುವುದು ತಡವಾದರೆ ನಿದ್ದೆ ಬರುವುದಿಲ್ಲ.

ದಿಂಬನ್ನು ತೆಗೆಸಿ ಹಿಮ್ಮಡಿಯ ಕೆಳಗೆ ಸುತ್ತಿದ ಟವೆಲ್ ಇಡಿಸಿದೆವು, ಮಂಡಿಯ ಕೆಳಗೆ ಖಾಲಿ. ಹತ್ತು ನಿಮಿಷದಂತೆ ದಿನಕ್ಕೆ ಐದಾರು ಸಲ. ಅದೇ ಹೊತ್ತಿನಲ್ಲಿ ತೊಡೆ ಬಿಗಿದು ಮಂಡಿಯ ಹಿಂಭಾಗವನ್ನು ಹಾಸಿಗೆಗೆ ಒತ್ತುವುದು. ಐದನೇ ವಾರಕ್ಕೆ ಎರಡೂ ಹಿಮ್ಮಡಿ ಸಮ ಬಂದವು. ಹೀಗೆ ಮಾಡಿದರೂ ನೇರವಾಗದೆ, ಮುಂದೆ ಏನೋ ಅಡ್ಡ ಸಿಕ್ಕಂತೆ ತಡೆಯುತ್ತಿದ್ದರೆ ಬೇರೆ ಅನುಮಾನ ಪಡಬೇಕು. ಕೆಲವರಲ್ಲಿ ಗ್ರಾಫ್ಟಿನ ಮುಂದೆ ಗಾಯದ ಅಂಗಾಂಶ ಗಂಟಿನಂತೆ ಬೆಳೆಯುತ್ತದೆ. ಸೈಕ್ಲಾಪ್ಸ್ ಎಂದು ಅದರ ಹೆಸರು. ಅದು ವ್ಯಾಯಾಮಕ್ಕೆ ಬಗ್ಗುವುದಿಲ್ಲ, ದುರ್ಬೀನು ಹಾಕಿ ತೆಗೆಯಬೇಕಾಗುತ್ತದೆ. ಅಂಥವರನ್ನು ಇನ್ನೂ ಜೋರಾಗಿ ಒತ್ತುವುದು ತಪ್ಪು. ಹಾಗೆಯೇ ಈ ಮೊದಲ ವಾರಗಳಲ್ಲಿ ಮೀನಖಂಡ ಬಾತು ನೋಯುತ್ತಿದ್ದರೆ, ಅಥವಾ ಜ್ವರ ಬಂದು ಮಂಡಿ ಕೆಂಪಾಗಿ ಕೀವು ಜಿನುಗಿದರೆ ಫಿಸಿಯೋ ಹತ್ತಿರ ಬರಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ.

ಆರನೇ ವಾರಕ್ಕೆ ಹುಡುಗ ಕ್ರಚಸ್ ಇಲ್ಲದೆ, ಕುಂಟದೆ ನಡೆಯುತ್ತಿದ್ದ. ಮಂಡಿ 120 ಡಿಗ್ರಿ ದಾಟಿ ಮಡಚುತ್ತಿತ್ತು. ಸೈಕಲ್ ತುಳಿಸುತ್ತಿದ್ದೆವು, ಅರ್ಧ ಬಸ್ಕಿ ಹೊಡೆಸುತ್ತಿದ್ದೆವು. ಎಲ್ಲ ಸರಿಯಿತ್ತು. ಹತ್ತನೇ ವಾರ ಊರಹಬ್ಬ ಬಂತು.

ಹಬ್ಬದ ಸಂಜೆ ಗೆಳೆಯರು ಆಡುತ್ತಿದ್ದರು. ಇವನು ಆಡಲಿಲ್ಲ, "ಸುಮ್ನೆ ಪಕ್ಕದಲ್ಲಿ ಎರಡು ರೌಂಡ್ ಓಡಿದೆ ಮೇಡಂ" ಅಂದ. ಮೂರನೇ ದಿನ ನನ್ನ ಮುಂದೆ ಮಲಗಿದ್ದವನ ಮಂಡಿಯನ್ನು ನಾನು ಯಾವಾಗಲೂ ಮಾಡುವ ಹಾಗೆ ಸವರಿದೆ. ಮಂಡಿಚಿಪ್ಪಿನ ಒಳಬದಿಯಿಂದ ಅಂಗೈಯಲ್ಲಿ ಮೇಲಕ್ಕೆ ಎರಡು ಮೂರು ಸಲ ನೀವಿ, ಅಲ್ಲಿರುವ ನೀರನ್ನು ಖಾಲಿ ಮಾಡಬೇಕು. ಆಮೇಲೆ ಹೊರಬದಿಯಲ್ಲಿ ಮೇಲಿನಿಂದ ಕೆಳಕ್ಕೆ ಒಂದು ಸಲ ಸವರಬೇಕು. ಒಳಬದಿಯ ಗುಳಿ ಗುಳಿಯಾಗಿಯೇ ಇದ್ದರೆ ಮಂಡಿ ಒಣಗಿದೆ. ಚರ್ಮದಡಿ ಸಣ್ಣ ಅಲೆಯೊಂದು ಉಬ್ಬಿ ಬಂದರೆ ಒಳಗೆ ನೀರಿದೆ. ಅವನದರಲ್ಲಿ ಕೆಳಕ್ಕೆ ಸವರುವ ಮೊದಲೇ ಗುಳಿ ತಾನಾಗಿ ತುಂಬಿಕೊಂಡಿತು. ನೋವು ಕೇಳಿದರೆ "ಏನಿಲ್ಲ".

ಈ ಪರೀಕ್ಷೆಯನ್ನು ನನ್ನ ಹತ್ತಿರ ಬರುವ ಎಲ್ಲರಿಗೂ ಕಲಿಸುತ್ತೇನೆ. ಇವತ್ತು ಮಾಡಿದ ಕೆಲಸ ಮಂಡಿಗೆ ಹೆಚ್ಚಾಯಿತೋ ಇಲ್ಲವೋ ನಾಳೆ ಬೆಳಿಗ್ಗೆ ಆ ಗುಳಿಯಲ್ಲಿ ತಿಳಿಯುತ್ತದೆ. ಮಾಂಸಖಂಡದಲ್ಲಿ ಮೈಕೈ ನೋವು ಬಂದರೆ ಪರವಾಗಿಲ್ಲ. ಮಂಡಿಯೊಳಗೆ ನೀರು ಹೆಚ್ಚಿದರೆ ಹಿಂದಿನ ಹಂತಕ್ಕೆ ಇಳಿಯಬೇಕು. ಯಾಕೆಂದರೆ ಆ ನೀರು ಇರುವಷ್ಟು ಹೊತ್ತು ಮೆದುಳು ತೊಡೆಯ ಮುಂಭಾಗದ ಮಾಂಸಖಂಡಕ್ಕೆ ಪೂರ್ತಿ ಅಪ್ಪಣೆ ಕೊಡುವುದಿಲ್ಲ. ನೀವು ಎಷ್ಟೇ ಬಸ್ಕಿ ಹೊಡೆದರೂ ತೊಡೆ ಕಟ್ಟುವುದಿಲ್ಲ. ಡಾಕ್ಟರು ಎಳೆದು ನೋಡಿ ಗ್ರಾಫ್ಟ್ ಬಿಗಿಯಾಗಿಯೇ ಇದೆ ಅಂದರು. ನಮಗೆ ಎರಡು ವಾರ ಹೋಯಿತು, ಅಷ್ಟೇ. ಅದೇ ಎರಡು ರೌಂಡಿನಲ್ಲಿ ಪಾದ ಒಮ್ಮೆ ಜಾರಿದ್ದರೆ ಹೋಗುತ್ತಿದ್ದುದು ಎರಡು ವಾರವಲ್ಲ.

ಓಟ ಶುರು ಮಾಡುವುದನ್ನು ಸಾಮಾನ್ಯವಾಗಿ ಮೂರು ನಾಲ್ಕನೇ ತಿಂಗಳಲ್ಲಿ ಯೋಚಿಸುತ್ತೇವೆ. ಆದರೆ ಕ್ಯಾಲೆಂಡರ್ ಒಂದೇ ಸಾಲದು. ಮಂಡಿ ಒಣಗಿರಬೇಕು, ಪೂರ್ತಿ ನೇರವಾಗಬೇಕು, ತೊಡೆಯ ಬಲ ಇನ್ನೊಂದು ಕಾಲಿನ 70 ಶೇಕಡಾವಾದರೂ ಇರಬೇಕು. ಇವನದು ನಾಲ್ಕನೇ ತಿಂಗಳಲ್ಲಿ 60ರಷ್ಟಿತ್ತು. ಐದನೇ ತಿಂಗಳ ಕೊನೆಗೆ 74 ಬಂದಾಗ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ ಎಂದು ಶುರು ಮಾಡಿದೆವು. ಆರನೇ ತಿಂಗಳಲ್ಲಿ ವೇಗ ಹೆಚ್ಚಿಸುವಾಗ ತೊಡೆಯ ಹಿಂಭಾಗ ಹಿಡಿದುಕೊಂಡಿತು. ಗ್ರಾಫ್ಟ್ ತೆಗೆದ ಜಾಗವಾದ್ದರಿಂದ ಇದು ಅಪರೂಪವಲ್ಲ. ಹತ್ತು ದಿನ ಓಟ ನಿಲ್ಲಿಸಿ ಹ್ಯಾಮ್‌ಸ್ಟ್ರಿಂಗಿಗೆ ಮೆಲ್ಲಗೆ ಭಾರ ಕೊಟ್ಟು ಮತ್ತೆ ಹಿಡಿದೆವು. ಆಮೇಲೆ ಎರಡು ಕಾಲಲ್ಲಿ ಜಿಗಿತ, ಒಂಟಿಕಾಲಲ್ಲಿ ಜಿಗಿತ, ಎಂಟನೇ ತಿಂಗಳಿಂದ ದಿಕ್ಕು ಬದಲಿಸುವ ಓಟ.

ಆಟಕ್ಕೆ ಮರಳಲು ನಾವು ಹೇಳುವ ಒಂಬತ್ತು ತಿಂಗಳು ಎಂಬ ಗಡುವು ಎಲ್ಲಿಂದ ಬಂತು ಎಂದು ಕೇಳುತ್ತೀರಿ. ನಾರ್ವೆ ಮತ್ತು ಅಮೆರಿಕದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಒಂಬತ್ತನೇ ತಿಂಗಳವರೆಗೆ ಆಟಕ್ಕೆ ಮರಳುವುದನ್ನು ಒಂದೊಂದು ತಿಂಗಳು ಮುಂದೂಡಿದಾಗಲೂ ಮಂಡಿಗೆ ಮತ್ತೆ ಪೆಟ್ಟಾಗುವ ಪ್ರಮಾಣ ಸುಮಾರು ಅರ್ಧಕ್ಕೆ ಇಳಿದಿತ್ತು. ಅದಕ್ಕೇ ಒಂಬತ್ತಕ್ಕೆ ಮೊದಲು ಆ ಮಾತೇ ಬೇಡ ಅನ್ನುತ್ತೇನೆ. ಹಾಗೆಂದು ಒಂಬತ್ತು ತುಂಬಿದ ದಿನ ಬಾಗಿಲು ತಾನಾಗಿ ತೆರೆಯುವುದೂ ಇಲ್ಲ.

ಒಂಬತ್ತನೇ ತಿಂಗಳು ಇವನನ್ನು ಒಂಟಿಕಾಲಲ್ಲಿ ಮುಂದಕ್ಕೆ ಜಿಗಿಸಿದೆ. ಚೆನ್ನಾಗಿರುವ ಕಾಲು 150 ಸೆಂಟಿಮೀಟರ್, ಆಪರೇಷನ್ ಕಾಲು 138. ಅಂದರೆ 92 ಶೇಕಡಾ. ನಾವು ಕೇಳುವುದು 90, ಅವನ ಮುಖ ಅರಳಿತು. ಆದರೆ ತೊಡೆಯ ಬಲವನ್ನು ಬೇರೆಯಾಗಿ ಅಳೆದರೆ 81 ಅಷ್ಟೇ. ಜಿಗಿತದಲ್ಲಿ ಸೊಂಟವೂ ಪಾದದ ಕೀಲೂ ಮಂಡಿಯ ಕೆಲಸವನ್ನು ಹಂಚಿಕೊಂಡು ಕೊರತೆ ಮುಚ್ಚಿಡುತ್ತವೆ. ಇಳಿಯುವಾಗ ನಿಧಾನಗತಿಯ ವಿಡಿಯೋ ತೆಗೆದು ತೋರಿಸಿದೆ. ಚೆನ್ನಾಗಿರುವ ಕಾಲು ಮಂಡಿ ಮಡಚಿ ಮೆತ್ತಗೆ ಇಳಿಯುತ್ತಿತ್ತು. ಈ ಕಾಲು ಕೋಲಿನಂತೆ ಸೆಟೆದು, ಸೊಂಟ ಮುಂದೆ ಬಾಗಿ, ಮಂಡಿ ಚೂರು ಒಳಕ್ಕೆ ವಾಲುತ್ತಿತ್ತು. ಮೂರು ಸಲ ನೋಡಿದ ಮೇಲೆ ಅವನೇ ಹೇಳಿದ: "ಇದು ಇನ್ನೂ ಹೆದರ್ತಿದೆ ಮೇಡಂ."

ಇನ್ನೆರಡು ತಿಂಗಳು ಬರೀ ತೊಡೆಗೆ ಭಾರ ಮತ್ತು ಮೆತ್ತಗೆ ಇಳಿಯುವ ಅಭ್ಯಾಸ. ಆಟಗಾರರಿಗೆ ಇಡೀ ವರ್ಷದಲ್ಲಿ ಅತಿ ಬೇಸರ ತರಿಸುವುದು ಇದೇ ಕಾಲ, ಚಿಕಿತ್ಸೆ ಬಿಟ್ಟುಹೋಗುವವರೂ ಇಲ್ಲೇ ಬಿಟ್ಟುಹೋಗುತ್ತಾರೆ. ಅವನು ಬಿಡಲಿಲ್ಲ. ಹನ್ನೊಂದನೇ ತಿಂಗಳು ತೊಡೆಯ ಬಲ 91 ಬಂತು. ಮೊದಲ ಎರಡು ವಾರ ಮ್ಯಾಟಿನ ಮೇಲೆ ಒಬ್ಬನೇ ಕಾಲ್ಚಳಕ, ನಂತರ ಒಬ್ಬ ಡಿಫೆಂಡರ್ ಎದುರು ಹಿಡಿಯದೆ ಆಟ, ಆಮೇಲೆ ಹಿಡಿತ, ಕೊನೆಗೆ ಪೂರ್ತಿ ಅಭ್ಯಾಸ ಪಂದ್ಯ. ಒಂದೊಂದು ಹಂತ ದಾಟಿದ ಮರುದಿನ ಬೆಳಿಗ್ಗೆ ಹಲ್ಲುಜ್ಜುವ ಮೊದಲು ಮಂಡಿ ಸವರಿ ನೋಡಿ ನನಗೆ ಮೆಸೇಜ್ ಹಾಕಬೇಕು ಎಂದು ಕರಾರು ಮಾಡಿಕೊಂಡಿದ್ದೆ. ಈಗಲೂ ಪಂದ್ಯದ ಮರುದಿನ ಆರು ಗಂಟೆಗೆ ಫೋನ್ ಸದ್ದಾಗುತ್ತದೆ: "ಅಲೆ ಇಲ್ಲ ಮೇಡಂ."